ಬೇಲಿ ಭಾವನ ಕಾಫಿ

‘ಒಂಬತ್ತು ದಿನದಿಂದ ಒಂದು ಮಾತು ಗಂಟಲಲ್ಲೇ ಕೂತಿದೆ. ಹೇಳಿದರೆ ನಟರಾಜು ಸಾರ್ ನಗುತ್ತಾರೆ. ಹೇಳದಿದ್ದರೆ ನನಗೆ ಅನ್ನ ಸೇರುವುದಿಲ್ಲ. ನಾಳೆ ಹೇಳೇ ಹೇಳುತ್ತೇನೆ.’

ರಮ್ಯಶ್ರೀ ಇಷ್ಟನ್ನು ದಿನಚರಿಯಲ್ಲಿ ಬರೆದಿಟ್ಟು ಮಲಗಿದ್ದಳು. ಆ ನಾಳೆ ಈಗ ಬಂದಿತ್ತು. ಹಾರನಹಳ್ಳಿಯಿಂದ ಪಿರಿಯಾಪಟ್ಟಣ, ಅಲ್ಲಿಂದ ಹುಣಸೂರು ಎಂದು ಎರಡು ಬಸ್ಸು ಬದಲಿಸಿ ಬರುವಷ್ಟರಲ್ಲಿ ಆ ಮಾತನ್ನು ನಾಲ್ಕು ಬಗೆಯಲ್ಲಿ ಜೋಡಿಸಿಕೊಂಡಿದ್ದಳು. ಆಫೀಸಿನ ಮೆಟ್ಟಿಲು ಹತ್ತುವಾಗ ನಾಲ್ಕೂ ಮರೆತುಹೋದವು. ಅವಳ ಕಥೆಯೇ ಹಾಗೆ. ಕಾಗದದ ಮೇಲೆ ಎಷ್ಟು ಬೇಕಾದರೂ ಮಾತಾಡುತ್ತಾಳೆ. ಎದುರಿಗೆ ಒಬ್ಬರು ನಿಂತರೆ ನಾಲಗೆ ಅಂಗುಳಿಗೆ ಅಂಟಿಕೊಳ್ಳುತ್ತದೆ. ಕಾಲೇಜಿನಲ್ಲಿ ಮೂರು ವರ್ಷ ಹಾಜರಿ ಕೂಗಿದಾಗಲೂ ಕೈಯೆತ್ತಿಯೇ ಮುಗಿಸಿದವಳು.

ವನಸೀಮೆ ಸೋಲಾರ್ ಬೇಲಿ ಎಂಬ ಆ ಕಂಪನಿಯ ಒಡೆಯ ನಟರಾಜು. ಹುಣಸೂರಿನಿಂದ ಹೆಗ್ಗಡದೇವನಕೋಟೆಯ ಕಾಡಂಚಿನವರೆಗೆ ಆನೆ ಕಾಟವಿರುವ ಹೊಲಗಳಿಗೆಲ್ಲ ಬೇಲಿ ಹಾಕಿಸಿಕೊಡುವುದು ಅವನ ವ್ಯಾಪಾರ. ಬಿಸಿಲಿನಿಂದ ಬ್ಯಾಟರಿ ತುಂಬಿಕೊಳ್ಳುತ್ತದೆ, ಬ್ಯಾಟರಿಯಿಂದ ಒಂದು ಪೆಟ್ಟಿಗೆ ಕ್ಷಣಕ್ಕೊಮ್ಮೆ ತಂತಿಗೆ ಚುರುಕ್ಕನೆ ಒಂದು ಏಟು ಕಳಿಸುತ್ತದೆ. ಏಟು ಜೋರು, ಆದರೆ ಕಣ್ಣೆವೆ ಮಿಟುಕುವಷ್ಟೂ ಹೊತ್ತು ಇರುವುದಿಲ್ಲ. ಆನೆ ಹೆದರಿ ಹಿಂದೆ ಸರಿಯುತ್ತದೆ, ಯಾರೂ ಸಾಯುವುದಿಲ್ಲ. ಮಳೆಗಾಲ ಬಂತೆಂದರೆ ಮಾತ್ರ ಬ್ಯಾಟರಿ ಇಳಿಯಿತು, ಹಂಬು ಬೆಳೆದು ತಂತಿಗೆ ತಾಗಿತು ಎಂದು ದಿನಕ್ಕೆ ನೂರು ಫೋನು. ಅದಕ್ಕೇ ಮೂರು ತಿಂಗಳ ಹಿಂದೆ ಮೈಸೂರಿನ ಹುಡುಗರಿಂದ ವಾಟ್ಸಾಪಿನಲ್ಲಿ ತಾನೇ ಉತ್ತರ ಕೊಡುವ ಒಂದು ಚಾಟ್‌ಬಾಟ್ ಮಾಡಿಸಿದ್ದ. ಹೆಸರು ‘ಬೇಲಿ ಭಾವ’.

ಯಂತ್ರ ಮೈಸೂರಿನವರದ್ದು. ಭಾವ ಮಾತ್ರ ರಮ್ಯಶ್ರೀಯವನು. ಅವನು ಹೇಗಿರಬೇಕು, ಹೇಗೆ ಮಾತಾಡಬೇಕು ಎಂದು ಯಂತ್ರಕ್ಕೆ ಕೊಡುವ ಎರಡು ಪುಟದ ಸೂಚನೆಯನ್ನು ಅವಳೇ ಬರೆದಿದ್ದಳು. ‘ಭಾವನಿಗೆ ನಲವತ್ತು ವರ್ಷ. ಬೇಲಿ ಬಿಟ್ಟರೆ ಬೇರೆ ಪ್ರಪಂಚ ಗೊತ್ತಿಲ್ಲ. ಗೇಲಿ ಮಾಡುವುದಾದರೆ ತನ್ನನ್ನೇ ಮೊದಲು ಮಾಡಿಕೊಳ್ಳುತ್ತಾನೆ. ಜಾತಿ, ಬಣ್ಣ, ಕುಡಿತ, ಮಕ್ಕಳಿಲ್ಲದ್ದು, ಇವುಗಳ ತಂಟೆಗೆ ಹೋಗುವುದಿಲ್ಲ. ಬರೆದವರು ಗಂಡಸೋ ಹೆಂಗಸೋ ಗೊತ್ತಿಲ್ಲವಾದ್ದರಿಂದ ನಾದಿನಿ, ಬಾಮೈದ ಎನ್ನದೆ ಎಲ್ಲರನ್ನೂ ಯಜಮಾನ್ರೇ ಎಂದೇ ಕರೆಯುತ್ತಾನೆ.’ ಬರೆಯುತ್ತ ಬರೆಯುತ್ತ ಅವಳಿಗೇ ನಗು ಬಂದಿತ್ತು. ಬಾಯಲ್ಲಿ ಆಡಲಾಗದ ತಮಾಷೆಯೆಲ್ಲ ಹರಿದುಬಂದಿತ್ತು.

ಆ ಸೂಚನೆಯಲ್ಲಿ ಎರಡು ಸಾಲು ನಟರಾಜುವಿನದು. ಒಂದು: ‘ಪ್ರತಿ ಉತ್ತರದಲ್ಲೂ ನಗು ಇರಲೇಬೇಕು.’ ಇನ್ನೊಂದು: ‘ಯಾರನ್ನೂ ಹೆದರಿಸಬಾರದು.’

“ಬೇಲಿ ಅಂದ್ರೆ ಜನ ಎದುರ್ಕೊಂಡ್ರೆ ತಗೊಳೋರು ಯಾರಮ್ಮ?” ಎಂದಿದ್ದ. “ಆನೆಗೆ ಎದುರ್ಕೆ ಆಗ್ಲಿ, ಗಿರಾಕಿಗೆ ನಗಾಡಂಗಿರ್ಲಿ.”

ಜನ ನಕ್ಕರು. ಭಾವನ ಮಾತುಗಳ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಿಕೊಂಡರು. ಕೋಟೆ ದಾರಿಯ ಹ್ಯಾಂಡ್‌ಪೋಸ್ಟ್ ಎಂಬ ಕೂಡುರಸ್ತೆಯ ಟೀ ಅಂಗಡಿಯಲ್ಲಿ ಭಾವನದ್ದೇ ಮಾತಂತೆ ಎಂದು ನಟರಾಜು ಎದೆಯುಬ್ಬಿಸಿಕೊಂಡು ಬಂದು ಹೇಳಿದ್ದ.

ಒಂಬತ್ತು ದಿನದ ಹಿಂದೆ ಗುರುಪುರದ ಕಡೆಯ ಚಿಕ್ಕಬಸಮ್ಮ ಎಂಬಾಕೆ ಒಂದು ಧ್ವನಿ ಸಂದೇಶ ಕಳಿಸಿದ್ದರು. ತಂತಿ ತುಂಡಾಗಿದೆ, ದೊಡ್ಡಯ್ಯ ಬಂದು ಹೋದ ಎಂದು ಅವರು ಮೊದಲು ಬರೆದಿದ್ದರು. ಕಾಡಂಚಿನವರು ಆನೆಯನ್ನು ಹೆಸರು ಹಿಡಿದು ಕರೆಯುವುದಿಲ್ಲ, ದೊಡ್ಡಯ್ಯ ಎನ್ನುತ್ತಾರೆ. ಭಾವ ಅದಕ್ಕೆ, ದೊಡ್ಡಯ್ಯ ಹಲಸಿನ ಹಣ್ಣಿಗೆ ಬಂದ ನೆಂಟ, ಬರಿಗೈಲಿ ಕಳಿಸಿದ್ರಾ ಯಜಮಾನ್ರೇ ಎಂದು ಉತ್ತರಿಸಿದ್ದ. ಆಮೇಲೆ ಬಂದ ಧ್ವನಿ ಮೆಲ್ಲಗಿತ್ತು. “ನಮ್ಮನೆಯವರ್ನ ತುಳಿದದ್ದು ಅವನೇ ಕಣಪ್ಪ. ಎರಡು ವರ್ಸ ಆಯ್ತು. ಅವನ ಮೇಲೆ ನಗಬ್ಯಾಡ ನೀನು.”

ಆ ಧ್ವನಿಯನ್ನು ರಮ್ಯಶ್ರೀ ಮೂರು ಸಲ ಕೇಳಿದಳು. ಅವತ್ತೇ ಸೂಚನೆಗೆ ಒಂದು ಸಾಲು ಸೇರಿಸಿದಳು: ‘ಆನೆಯ ಬಗ್ಗೆ ತಮಾಷೆ ಬೇಡ.’ ಭಾವ ಪಾಲಿಸಿದ. ಆದರೆ ಪ್ರತಿ ಉತ್ತರದಲ್ಲೂ ನಗು ಇರಲೇಬೇಕೆಂಬ ಸಾಲು ಮೇಲೆ ಹಾಗೇ ಇತ್ತಲ್ಲ. ಒಂದು ಕಡೆ ಒಡ್ಡು ಕಟ್ಟಿದರೆ ನೀರು ಇನ್ನೊಂದು ಕಡೆ ನುಗ್ಗುವಂತೆ, ಆನೆಯನ್ನು ಬಿಟ್ಟ ನಗು ಬ್ಯಾಟರಿಯ ಆಸಿಡ್ಡಿಗೆ, ಶಾಕ್ ಹೊಡೆದ ಕೈಗೆ, ಸಿಡಿಲಿಗೆ ಹೋಗಿ ಕೂತಿತು. ಎಚ್ಚರಿಕೆ ಹೇಳುವ ಕಡೆಯೆಲ್ಲ ಭಾವ ಉತ್ಪ್ರೇಕ್ಷೆ ಮಾಡತೊಡಗಿದ. ಬ್ಯಾಟರಿಗೆ ನೀರು ಹಾಕದಿದ್ದರೆ ಅದು ಪಂಚಾಯ್ತಿ ಸೇರಿಸುತ್ತದೆ. ಹಂಬು ಕೀಳದಿದ್ದರೆ ಬೇಲಿ ವಿಚ್ಛೇದನ ಕೇಳುತ್ತದೆ. ನಿಜವಾದ ಅಪಾಯವನ್ನೂ ಅದೇ ದನಿಯಲ್ಲೇ ಹೇಳುತ್ತಿದ್ದ.

ಅದನ್ನು ಗಮನಿಸಿದ ರಾತ್ರಿ ದಿನಚರಿಯಲ್ಲಿ ಅವಳು ಬರೆದಳು: ‘ಭಾವನ ದನಿ ಬದಲಾಗಬೇಕಿಲ್ಲ. ಯಜಮಾನ್ರೇ ಅನ್ನಲಿ. ಆದರೆ ಕರೆಂಟು, ಗಾಯ, ಸಾವು, ದೂರು, ಇವು ಬಂದಾಗ ನಗು ಬಾಗಿಲ ಹೊರಗೆ ನಿಲ್ಲಬೇಕು. ಮೊದಲ ಸಾಲಿನಲ್ಲೇ ಮಾಡಬೇಡಿ ಎಂದು ನೇರ ಹೇಳಬೇಕು. ಆಮೇಲೆ ಏನು ಮಾಡಬಹುದು ಎಂದು. ಆಮೇಲೆ ಒಬ್ಬ ಮನುಷ್ಯನ ಫೋನ್ ನಂಬರು.’ ಶುರು ಮಾಡುವ ಮುಂಚೆ ಭಾವನನ್ನು ಪರೀಕ್ಷಿಸಲು ಮೈಸೂರಿನ ಹುಡುಗರೂ ಅವಳೂ ನಲವತ್ತು ಪ್ರಶ್ನೆ ಕೇಳಿದ್ದರು. ಎಲ್ಲವೂ ಒಳ್ಳೆಯವರು ಕೇಳುವ ಒಳ್ಳೆಯ ಪ್ರಶ್ನೆಗಳು. ಅವಸರದಲ್ಲಿರುವವನು, ಬೆಳೆ ಹೋಗುತ್ತಿರುವವನು ಏನು ಕೇಳುತ್ತಾನೆಂದು ಯಾರೂ ಕೇಳಿ ನೋಡಿರಲಿಲ್ಲ.

ಇದೆಲ್ಲ ಪುಸ್ತಕದಲ್ಲಿತ್ತು. ನಟರಾಜುವಿನ ಕಿವಿಗೆ ಬಿದ್ದಿರಲಿಲ್ಲ.

ಆಷಾಢದ ಮೋಡ ಹೆಂಚಿಗೆ ತಾಗುವಂತೆ ಇಳಿದಿದ್ದ ಆ ಬೆಳಿಗ್ಗೆ, ಎಂದಿನಂತೆ ಅವಳು ಹಿಂದಿನ ದಿನ ಭಾವ ಆಡಿದ ಮಾತುಗಳನ್ನು ಓದುತ್ತ ಕೂತಳು. ಸಂಜೆ ಐದೂ ಮುಕ್ಕಾಲಿನ ಒಂದು ಮಾತುಕತೆಯ ಹತ್ತಿರ ಅವಳ ಬೆರಳು ನಿಂತುಬಿಟ್ಟಿತು. ಬರೆದವನು ನಂಜುಂಡ ಎಂಬ ರೈತ. ಹ್ಯಾಂಡ್‌ಪೋಸ್ಟಿನಿಂದ ಒಳಗೆ, ಕಾಡಿನ ಕಡೆ ಎರಡು ಎಕರೆ ಶುಂಠಿ ಹಾಕಿದ್ದ.

‘ಮೋಡ ಮುಚ್ಕೊಂಡು ಬ್ಯಾಟ್ರಿ ಸತ್ತೋಗದೆ ಭಾವ. ಶುಂಠಿ ಉಳೀಬೇಕು. ಪಂಪ್‌ಸೆಟ್ಟಿನ ಕರೆಂಟ್ನೇ ಬೇಲಿ ತಂತಿಗೆ ಕೊಟ್ಬುಡ್ಲಾ?’

ಭಾವ ಬರೆದಿದ್ದ: ‘ಅಯ್ಯೋ ಯಜಮಾನ್ರೇ! ಹಾಗೆ ಕೊಟ್ಟರೆ ಯಮರಾಯ ಕೋಣ ಬಿಟ್ಟು ನಿಮ್ಮ ಬೇಲಿ ಮೇಲೇ ಜಾರಿಕೊಂಡು ಬರ್ತಾನೆ, ಒಂದು ಲೋಟ ಕಾಫಿ ರೆಡಿ ಇಟ್ಕೊಳ್ಳಿ! ನಿಮ್ಮ ಬ್ಯಾಟರಿ ಆಷಾಢಕ್ಕೆ ತವರಿಗೆ ಹೋದ ಹೊಸ ಮದುಮಗಳು. ಬಿಸಿಲಪ್ಪ ಕರೆಯೋಕೆ ಬರೋವರೆಗೂ ಮುಖ ತೋರಿಸಲ್ಲ…’ ಹೀಗೇ ಮದುಮಗಳ ಮುನಿಸು, ಅತ್ತೆಯ ಗೊಣಗು ಎಂದು ಬೆಳೆದು, ಕೊನೆಯಲ್ಲಿ ಮೂರು ಸಾಲು ಸರಿಯಾದ ಮಾತಿತ್ತು: ಲೈನಿನ ಕರೆಂಟನ್ನು ನೇರ ಬೇಲಿಗೆ ಕೊಡುವಂತಿಲ್ಲ, ಪ್ರಾಣಾಪಾಯ, ಅಪರಾಧ ಕೂಡ, ಬ್ಯಾಟರಿ ಬಿಚ್ಚಿ ಮನೆಗೆ ಒಯ್ದು ಚಾರ್ಜರಿಗೆ ಹಾಕಿ.

ರಮ್ಯಶ್ರೀ ತನ್ನ ಫೋನಿಗೆ ಅದೇ ಉತ್ತರವನ್ನು ಕಳಿಸಿಕೊಂಡು ನೋಡಿದಳು. ಉದ್ದ ಹೆಚ್ಚಾದ ಸಂದೇಶವನ್ನು ವಾಟ್ಸಾಪು ನಡುವೆಯೇ ಮಡಚಿಡುತ್ತದೆ. ಪರದೆಯ ಮೇಲೆ ಯಮ ಕಂಡ, ಕಾಫಿ ಕಂಡಿತು, ಮದುಮಗಳು ಕಂಡಳು. ಆಮೇಲೆ ‘ಇನ್ನಷ್ಟು ಓದಿ’ ಎಂಬ ನೀಲಿ ಅಕ್ಷರ. ಆ ಮೂರು ಸಾಲು ಅದರ ಹಿಂದೆ.

ನಂಜುಂಡ ನಗುವ ಮೂರು ಮುಖ ಹಾಕಿದ್ದ. ‘ಕಾಫಿ ಇಟ್ಟಿರ್ತೀನಿ ಭಾವ, ಬರ್ಲಿ. ಈಗ್ಲೇ ಕೊಟ್ಬುಡ್ತೀನಿ.’

ಭಾವ ಅದಕ್ಕೂ ಉತ್ತರ ಕೊಟ್ಟಿದ್ದ: ‘ಸಕ್ಕರೆ ಕಮ್ಮಿ ಹಾಕಿ ಯಜಮಾನ್ರೇ, ಯಮರಾಯನ ವಯಸ್ಸಿಗೆ ಶುಗರ್ ಇರುತ್ತೆ!’

ಅದರ ಕೆಳಗೆ ಮತ್ತೇನೂ ಇರಲಿಲ್ಲ.

ಅವಳು ಫೋನನ್ನು ಹಿಡಿದುಕೊಂಡು ಹೋಗಿ ನಟರಾಜುವಿನ ಮೇಜಿನ ಮುಂದೆ ನಿಂತಳು. ಪರದೆ ತೋರಿಸಿದಳು.

ನಟರಾಜು ಓದಿ ಹೊಟ್ಟೆ ಕುಲುಕಿಸಿಕೊಂಡು ನಕ್ಕ. “ಯಮಂಗೆ ಶುಗರ್ರು! ಎಲ್ಲಿಂದ ಹೊಳೀತದೆ ಇವುನ್ಗೆ?”

“ಸಾರ್, ಅವರು… ಕೊಟ್ಟಿದ್ರೆ…”

“ಅವ್ನೂ ತಮಾಷೆಗೆ ಅಂದಿರೋದು ಕಣಮ್ಮ. ನಗ್ತಾವ್ನಲ್ಲ, ಕಾಣಾಕಿಲ್ವಾ? ನಿಜವಾಗ್ಲೂ ಮಾಡೋನು ಯಾರಾದ್ರೂ ಹೇಳ್ಬುಟ್ಟು ಮಾಡ್ತಾನಾ?”

ಬಾಗಿಲಲ್ಲಿ ತಂತಿಯ ಸುರುಳಿ ಇಳಿಸುತ್ತಿದ್ದ ಮುತ್ತ ತಲೆಯೆತ್ತಿದ. ಬೇಲಿ ಕಟ್ಟುವ ಕೆಲಸದವನು. ನಂಜುಂಡನ ಹೊಲದ ಆಚೆಗಿನ ಗಿರಿಜನರ ಹಾಡಿಯವನು. “ಯಾವ ನಂಜುಂಡ? ಶುಂಠಿ ನಂಜುಂಡಣ್ಣನಾ?”

ರಮ್ಯಶ್ರೀ ಫೋನನ್ನು ಅವನ ಕೈಗೆ ಕೊಟ್ಟಳು. ಅವನು ಒಂದೊಂದೇ ಅಕ್ಷರ ಓದಿದ. ಓದುತ್ತ ಅವನ ಮುಖ ಕಪ್ಪಿಟ್ಟಿತು. ನಗಲಿಲ್ಲ.

“ಸಾ, ನೆನ್ನೆ ರಾತ್ರಿ ನಮ್ ಕಡೆ ಮೋಟ್ರು ಕರೆಂಟು ಇರ್ನಿಲ್ಲ.”

“ಇನ್ನೇನ್ ಮತ್ತೆ? ಏನೂ ಆಗಿರಾಕಿಲ್ಲ ಬುಡು.”

“ಅದಲ್ಲ ಸಾ. ಓದ್ವಾರ ರಾತ್ರಿ ಪಾಳಿ ಇತ್ತು. ಈ ವಾರ ಹಗಲಿಗೆ ಬದಲಾಯ್ಸವ್ರೆ. ಅನ್ನೆರಡಕ್ಕೆ ಬತ್ತದೆ. ಅಣ್ಣ ರಾತ್ರಿಗೇ ಬತ್ತದೆ ಅನ್ಕೊಂಡು ಸಿಕ್ಕಿಸಿರ್ತಾನೆ. ಬರ್ನಿಲ್ಲ ಅಂತ ಅಂಗೇ ಬುಟ್ಟಿರ್ತಾನೆ.” ಮುತ್ತ ಗೋಡೆಯ ಗಡಿಯಾರ ನೋಡಿದ. ಹತ್ತೂ ಕಾಲು. “ನಮ್ ಚಿಕ್ಕವ್ವ ಜವರಿ, ಇನ್ನೂ ನಾಕೈದು ಜನ, ಇವತ್ತು ಅಲ್ಲಿ ಕಳೆ ತೆಗೆಯಾಕೆ ಓಗವ್ರೆ. ಉಣ್ಣಾಕೆ ಅನ್ನೆರಡಕ್ಕೆ ಆಡಿಗೆ ಬತ್ತಾರೆ.”

ಹಾಡಿಗೆ ದಾರಿ ಬೇಲಿಯ ನಡುವೆಯೇ. ಸೋಲಾರ್ ಬೇಲಿಯನ್ನು ಹಗಲು ಆರಿಸಿಬಿಡುವುದು ವಾಡಿಕೆ. ಹೆಂಗಸರು ನಡುವಿನ ತಂತಿಯನ್ನು ಬರಿಗೈಯಲ್ಲೇ ಮೇಲೆತ್ತಿ, ತಲೆ ತಗ್ಗಿಸಿ ನುಸುಳುತ್ತಾರೆ. ಬೆಳಿಗ್ಗೆಯೂ ಹಾಗೇ ನುಸುಳಿ ಒಳಗೆ ಹೋಗಿರುತ್ತಾರೆ. ಏನೂ ಆಗಿರುವುದಿಲ್ಲ. ಏನೂ ಆಗುವುದಿಲ್ಲ ಎಂದು ಕೈ ಮತ್ತೊಮ್ಮೆ ಕಲಿತಿರುತ್ತದೆ.

ನಟರಾಜುವಿನ ನಗು ಎಲ್ಲಿ ಹೋಯಿತೋ. ನಂಜುಂಡನಿಗೆ ಫೋನು ಮಾಡಿದ, ಸ್ವಿಚ್ ಆಫ್. ಲೈನ್‌ಮ್ಯಾನಿಗೆ ಮಾಡಿದ, ನೆಟ್‌ವರ್ಕ್ ಇಲ್ಲ. ಜವರಿಯ ಮನೆಯಲ್ಲಿದ್ದ ಒಂದೇ ಫೋನು ರಿಂಗಾಗಿ ರಿಂಗಾಗಿ ಸುಮ್ಮನಾಯಿತು. “ಓಡ್ಲಾ ಮುತ್ತ, ಗಾಡಿ ತಗೊ. ರಮ್ಯ, ನೀನೂ ಹಿಂದೆ ಕೂತ್ಕೊ. ದಾರಿ ಉದ್ದಕ್ಕೂ ಫೋನ್ ಮಾಡ್ತಾನೇ ಇರು. ನಾನು ಇಲ್ಲಿಂದ ಕರೆಂಟ್ ಆಫೀಸಿನವರನ್ನ ಹಿಡೀತೀನಿ.”

ಹೊರಡುವ ಮುಂಚೆ ಅವಳು ಕಂಪ್ಯೂಟರಿನ ಮುಂದೆ ಎರಡು ನಿಮಿಷ ಕೂತಳು. ಭಾವನನ್ನು ನಿಲ್ಲಿಸಿದಳು. ಇನ್ನು ಯಾರೇ ಬರೆದರೂ ಒಂದೇ ಉತ್ತರ ಹೋಗುವಂತೆ ಮಾಡಿದಳು: ‘ಲೈನಿನ ಕರೆಂಟು ಬೇಲಿಗೆ ಕೊಡಬೇಡಿ. ಜನ ಸಾಯುತ್ತಾರೆ. ಬೇರೆ ಏನೇ ಇದ್ದರೂ ಈ ನಂಬರಿಗೆ ಫೋನ್ ಮಾಡಿ.’

“ಏನ್ ಮಾಡ್ತಿದೀಯಮ್ಮ? ನಿಲ್ಲಿಸ್ಬುಟ್ಯಾ? ನೂರು ಫೋನು ಬತ್ತವೆ!” ಎಂದ ನಟರಾಜು, ಕಿವಿಯಲ್ಲಿ ಫೋನು ಹಿಡಿದುಕೊಂಡೇ. ಅವಳು ಎದ್ದು ಮೆಟ್ಟಿಲಿಳಿದಳು.

ಹುಣಸೂರು ದಾಟಿದ ಮೇಲೆ ಮಳೆ ಹನಿಯತೊಡಗಿತು. ಹೊಗೆಸೊಪ್ಪಿನ ಹೊಲಗಳು, ಸೊಪ್ಪು ಒಣಗಿಸುವ ಬ್ಯಾರನ್ನುಗಳು, ಜೋಳದ ತಾಕುಗಳು ಎರಡೂ ಕಡೆ ಹಿಂದೆ ಸರಿದವು. ರಮ್ಯಶ್ರೀ ಒಂದು ಕೈಯಲ್ಲಿ ಗಾಡಿಯ ಕಂಬಿ, ಇನ್ನೊಂದರಲ್ಲಿ ಫೋನು ಹಿಡಿದು ಮತ್ತೆ ಮತ್ತೆ ಒತ್ತುತ್ತಿದ್ದಳು. ನೀವು ಕರೆ ಮಾಡಿರುವ ಚಂದಾದಾರರು ಎಂದು ಅದೇ ಹೆಂಗಸು ಅದೇ ದನಿಯಲ್ಲಿ ಹೇಳುತ್ತಿದ್ದಳು. ಅಕಸ್ಮಾತ್ ನಂಜುಂಡ ಎತ್ತಿದರೆ ಏನನ್ನಬೇಕೆಂದು ಅವಳು ಮನಸ್ಸಿನಲ್ಲೇ ಹೇಳಿಕೊಂಡಳು. ಪ್ರತಿ ಸಲವೂ ಅದು ಭಾವನ ದನಿಯಲ್ಲೇ ಬರುತ್ತಿತ್ತು. ಅಯ್ಯೋ ಯಜಮಾನ್ರೇ! ಅದಕ್ಕಿಂತ ಹೆದರಿಕೆ ಹುಟ್ಟಿಸಿದ್ದು ಬೇರೆ ಏನೂ ಇರಲಿಲ್ಲ.

“ಮೇಡಮ್,” ಎಂದ ಮುತ್ತ, ಗಾಳಿಯಲ್ಲಿ ಕೂಗಿ. “ಆ ಭಾವ ಅನ್ನೋನು ಮಿಸೀನಂತೆ, ದಿಟವಾ?”

“ಹೂಂ.”

“ನಮ್ ಆಡೀಲಿ ಎಲ್ರೂ ಅವನು ಎಲ್ಲೋ ಒಂದ್ಕಡೆ ಕುಂತವ್ನೆ ಅಂತಾರೆ. ಭಾರಿ ಕಿಲಾಡಿ ಮನ್ಸ ಅಂತ. ಅವನು ಏನಂದ್ರೂ ನಗ್ತಾರೆ.” ಒಂದು ಗುಂಡಿ ತಪ್ಪಿಸಿ ಸೇರಿಸಿದ, “ಏನಂದ್ರೂನೂವೆ.”

ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸಿಗೆ ಅಡ್ಡ ನಿಂತ ಲಾರಿಯಿಂದಾಗಿ ಹತ್ತು ನಿಮಿಷ ಹೋಯಿತು. ಅಲ್ಲಿಂದ ಕೆಸರು ದಾರಿ. ಗಾಡಿ ಎರಡು ಸಲ ಜಾರಿತು. ಹೊಲದ ತಲೆಗೆ ಬಂದಾಗ ಹನ್ನೆರಡಕ್ಕೆ ಆರು ನಿಮಿಷ. ಎಲ್ಲೂ ಒಂದು ಹಕ್ಕಿಯ ಸದ್ದಿಲ್ಲ. ಸಾಲು ಸಾಲು ಶುಂಠಿ, ಅದರ ಸುತ್ತ ಕಂಬ ಕಂಬಕ್ಕೂ ಹಾದುಹೋದ ತಂತಿ, ತಂತಿಯ ತುಂಬ ಸಾಲಾಗಿ ಕೂತ ಮಳೆಹನಿ. ದೂರದ ಮೂಲೆಯಲ್ಲಿ ಶೀಟಿನ ಪಂಪ್ ಮನೆ. ಅದರ ಗೋಡೆಯಿಂದ ಒಂದು ಹಳದಿ ವೈರು ಇಳಿದು, ನೆಲದ ಮೇಲೆ ಹರಿದು, ಮೊದಲ ಕಂಬಕ್ಕೆ ಏರಿತ್ತು.

“ಅದೇ,” ಎಂದ ಮುತ್ತ. “ನಾನು ಮೋಟ್ರು ಮನೆತಾವ ಓಯ್ತೀನಿ, ಮೇನ್ ಎಳೀತೀನಿ. ನೀವು ಅವ್ರನ್ನ ತಡೀರಿ. ಕೂಗ್ಕೊಳಿ ಮೇಡಮ್, ಜೋರಾಗಿ ಕೂಗ್ಕೊಳಿ.” ಅವನು ಕೆಸರಿನಲ್ಲಿ ಓಡಿದ.

ಹೆಂಗಸರು ಆಗಲೇ ಕೆಲಸ ಬಿಟ್ಟು ಬೇಲಿಯ ಕಡೆ ನಡೆದಿದ್ದರು. ಐದು ಜನ, ತಲೆಯ ಮೇಲೆ ಮಳೆಗೆಂದು ಹೊದ್ದ ಗೊಬ್ಬರದ ಚೀಲದ ಕೊಪ್ಪೆ, ಕೈಯಲ್ಲಿ ಕುಡುಗೋಲು. ಏನೋ ಹೇಳಿಕೊಂಡು ಗೊಳ್ಳೆಂದು ನಗುತ್ತಿದ್ದರು. ರಮ್ಯಶ್ರೀ ಬೇಲಿಯ ಹೊರಗಿನ ಬದುವಿನ ಮೇಲೆ ಓಡಿದಳು. ಬಾಯಿ ತೆರೆದಳು. ಗಾಳಿ ಹೊರಬಂತು, ಸದ್ದು ಬರಲಿಲ್ಲ. ಅವರು ನುಸುಳುವ ಜಾಗ ಸವೆದು ಗುರುತಾಗಿತ್ತು. ಅಲ್ಲಿಗೆ ಹೋಗಿ, ತಂತಿಯಿಂದ ಮಾರುದೂರ ಈಚೆ, ಎರಡೂ ಕೈ ಅಗಲಿಸಿ ನಿಂತಳು.

ಮುಂದಿದ್ದವಳು ನಿಂತಳು. ಐವತ್ತರ ಹೆಂಗಸು, ವೀಳ್ಯದ ಕೆಂಪು ಬಾಯಿ. “ಇದ್ಯಾರವ್ವ ಕೂಸು? ಕುಣಿಯಾಕೆ ಬಂದಿದ್ದೀಯಾ?”

ಹಿಂದಿನವರು ನಕ್ಕರು. “ಜವರಕ್ಕ, ನಿನ್ನ ತಬ್ಬಿಕೊಳ್ಳಾಕೆ ಬಂದವ್ಳೆ ಕಣೆ!”

ರಮ್ಯಶ್ರೀ ತಲೆಯಾಡಿಸಿದಳು. ಕೈಬೀಸಿ ಹಿಂದೆ ಹೋಗಿ ಎಂದಳು. ಬೇಲಿ ತೋರಿಸಿದಳು.

“ಬೇಲಿಯೋರಾ ನೀನು? ಆ ಭಾವನ ಕಡೆಯೋಳಾ?” ಜವರಿಯ ಮುಖ ಅರಳಿತು. “ಅವನು ಮನ್ನೆ ಏನಂದ ಗೊತ್ತಾ, ಬೇಲಿ ವಿಚ್ಛೇದ್ನ ಕೇಳ್ತದಂತೆ! ಈಗೇನಂತೆ ಅವಂದು? ಹೇಳು, ನಾವೂ ನಗ್ತೀವಿ.”

ಅವಳ ತಲೆಯಲ್ಲಿ ಮೊದಲು ಹೊಳೆದದ್ದು ನಿಜಕ್ಕೂ ಒಂದು ತಮಾಷೆಯೇ. ಸಿದ್ಧವಾಗಿ, ಸುತ್ತು ಕಟ್ಟಿಕೊಂಡು, ನಾಲಗೆಯ ತುದಿಗೆ ಬಂದು ನಿಂತಿತ್ತು. ಅದನ್ನು ಆಡಿದ್ದರೆ ಅವರು ನಗುತ್ತಿದ್ದರು. ನಗುತ್ತಲೇ ಬಗ್ಗುತ್ತಿದ್ದರು.

ದೂರದಲ್ಲಿ ಮುತ್ತ ಇನ್ನೂ ಓಡುತ್ತಿದ್ದ. ಪಂಪ್ ಮನೆಯ ಮಾಡಿನ ಕೆಳಗೆ, ಅಷ್ಟು ಹೊತ್ತು ಮಸಿಯಾಗಿದ್ದ ಒಂದು ಬಲ್ಬು ಹತ್ತಿಕೊಂಡಿತು. ಮೋಟಾರು ಗೊರ್ ಎಂದಿತು. ತಂತಿ ಮೊದಲಿನಂತೆಯೇ ಇತ್ತು. ಅದರ ಮೇಲಿನ ಹನಿಗಳೂ ಹಾಗೇ ಇದ್ದವು.

“ಕರೆಂಟ್ ಬಂತು ಕಣ್ರೇ, ಬೇಗ ನಡೀರಿ, ಉಂಡು ಬರಾನ,” ಎಂದು ಜವರಿ ಕುಡುಗೋಲನ್ನು ಎಡಗೈಗೆ ಬದಲಿಸಿಕೊಂಡು, ಒದ್ದೆಯಾದ ಬಲಗೈಯನ್ನು ನಡುವಿನ ತಂತಿಯ ಕಡೆ ಚಾಚಿದಳು.

“ಮುಟ್ಟಬೇಡಿ!”

ಆ ಕೂಗು ಯಾರದೆಂದು ರಮ್ಯಶ್ರೀಗೇ ತಿಳಿಯಲಿಲ್ಲ. ಜವರಿಯ ಕೈ ತಂತಿಗೆ ಒಂದು ಗೇಣು ಈಚೆ ನಿಂತಿತು. ಅವಳ ಬಾಯಲ್ಲಿ ಅರ್ಧ ನಗು ಹಾಗೇ ಇತ್ತು, ಉಳಿದರ್ಧಕ್ಕೆ ಕಾಯುತ್ತ.

“ಮುಟ್ಟಿದರೆ ಸಾಯ್ತೀರಿ,” ಎಂದಳು ರಮ್ಯಶ್ರೀ.